ಒಂದು ಫಿಲ್ಟರ್ ಎರಡಾದ ಬಗೆ: ಮೊಬೈಲ್ ದೃಷ್ಟಿ ಮಾದರಿಗಳು ಹಗುರವಾದ ಹಿನ್ನೆಲೆ

ಚಿತ್ರವನ್ನು ಗುರುತಿಸುವ ನ್ಯೂರಲ್ ನೆಟ್‌ವರ್ಕಿನಲ್ಲಿ 3×3 ಕಾನ್ವಲ್ಯೂಷನ್, ಅಂದರೆ ಚಿತ್ರದ ಮೇಲೆ ಸರಿಯುತ್ತ ಹೋಗುವ ಪುಟ್ಟ ಫಿಲ್ಟರ್, ಒಂದೇ ಏಟಿಗೆ ಎರಡು ಕೆಲಸ ಮಾಡುತ್ತದೆ. ಅಕ್ಕಪಕ್ಕದ ಒಂಬತ್ತು ಪಿಕ್ಸೆಲ್‌ಗಳನ್ನು ನೋಡಿ ಅಂಚು, ಮೂಲೆಗಳಂಥ ಆಕಾರವನ್ನು ಹುಡುಕುವುದು ಮೊದಲನೆಯದು. ಹಿಂದಿನ ಪದರದ ಎಲ್ಲ ಚಾನೆಲ್‌ಗಳ, ಅಂದರೆ ಅಲ್ಲಿನ ಒಂದೊಂದು ಫಿಲ್ಟರ್ ಕೊಟ್ಟ ಚಿತ್ರಗಳ, ಮಾಹಿತಿಯನ್ನು ಬೆರೆಸಿ ಹೊಸ ಚಾನೆಲ್ ಕಟ್ಟುವುದು ಎರಡನೆಯದು. ಈ ಎರಡನ್ನೂ ಒಟ್ಟಿಗೇ ಮಾಡಬೇಕೆಂಬ ನಿಯಮವೇನೂ ಇಲ್ಲ ಎಂಬುದು ಹೊಳೆದದ್ದು ಒಮ್ಮೆಗೇ ಅಲ್ಲ, ತುಣುಕು ತುಣುಕಾಗಿ.

ಮೊದಲ ತುಣುಕು 1×1 ಕಾನ್ವಲ್ಯೂಷನ್. ಒಂದೇ ಪಿಕ್ಸೆಲ್ ನೋಡುವ ಫಿಲ್ಟರ್‌ನಿಂದ ಏನು ಪ್ರಯೋಜನ ಎಂದು ಕೇಳುವವರು ಚಾನೆಲ್‌ಗಳನ್ನು ಮರೆತಿರುತ್ತಾರೆ: ಅದು ಆ ಪಿಕ್ಸೆಲ್‌ನ ಎಲ್ಲ ಚಾನೆಲ್‌ಗಳ ಮೌಲ್ಯಗಳನ್ನು ತೂಕ ಹಾಕಿ ಕೂಡಿಸುತ್ತದೆ. 2013ರಲ್ಲಿ ಮಿನ್ ಲಿನ್ ಮತ್ತು ಸಂಗಡಿಗರು ಇದನ್ನು ಬಳಸಿದ್ದು ಮಾದರಿಯ ಶಕ್ತಿ ಹೆಚ್ಚಿಸಲು. ಮರುವರ್ಷ ಬಂದ ಗೂಗಲ್‌ನೆಟ್ ಅದನ್ನೇ ಉಳಿತಾಯದ ಉಪಾಯವಾಗಿ ತಿರುಗಿಸಿತು. ಅದರ ಮೊದಲ ಇನ್ಸೆಪ್ಷನ್ ಘಟಕದಲ್ಲಿ 192 ಚಾನೆಲ್‌ಗಳ ಮೇಲೆ ನೇರವಾಗಿ 32 ಫಿಲ್ಟರ್‌ಗಳ 5×5 ಕಾನ್ವಲ್ಯೂಷನ್ ನಡೆಸಿದ್ದರೆ 1,53,600 ಪ್ಯಾರಾಮೀಟರ್‌ಗಳು, ಅಂದರೆ ಮಾದರಿ ಕಲಿಯಬೇಕಾದ ತೂಕಗಳು, ಬೇಕಾಗುತ್ತಿದ್ದವು. ಮೊದಲು 1×1ರಿಂದ 16 ಚಾನೆಲ್‌ಗಳಿಗೆ ಇಳಿಸಿದ್ದರಿಂದ 15,872 ಸಾಕಾದವು.

ಎರಡನೆಯ ತುಣುಕು ಡೆಪ್ತ್‌ವೈಸ್ ಕಾನ್ವಲ್ಯೂಷನ್. ಇಲ್ಲಿ ಪ್ರತಿ ಚಾನೆಲ್‌ಗೂ ಅದರದೇ ಒಂದು 3×3 ಫಿಲ್ಟರ್ ಇರುತ್ತದೆ, ಒಂದು ಚಾನೆಲ್ ಮತ್ತೊಂದನ್ನು ನೋಡುವುದೇ ಇಲ್ಲ. ಲಾರೆಂ ಸಿಫ್ರ್ 2013ರಲ್ಲಿ ಗೂಗಲ್‌ನಲ್ಲಿ ಇಂಟರ್ನ್ ಆಗಿದ್ದಾಗ ಇದನ್ನೂ 1×1ನ್ನೂ ಜೋಡಿಸಿ ಪ್ರಯೋಗ ನಡೆಸಿದರು. 2016ರಲ್ಲಿ ಫ್ರಾಂಸ್ವಾ ಷೋಲೆ ತಮ್ಮ ಎಕ್ಸೆಪ್ಷನ್ ಮಾದರಿಯನ್ನು ಬಹುಪಾಲು ಈ ಜೋಡಿಯಿಂದಲೇ ಕಟ್ಟಿದರು, ಆದರೆ ಅವರ ಗುರಿ ಚಿಕ್ಕ ಮಾದರಿಯಲ್ಲ, ಅಷ್ಟೇ ಪ್ಯಾರಾಮೀಟರ್‌ಗಳಲ್ಲಿ ಹೆಚ್ಚಿನ ನಿಖರತೆ. ಫೋನಿಗೆಂದೇ ಈ ಜೋಡಿಯನ್ನು ಹೊಂದಿಸಿದ್ದು 2017ರ ಮೊಬೈಲ್‌ನೆಟ್.

ಮೊಬೈಲ್‌ನೆಟ್‌ನ ನಡುಭಾಗದಲ್ಲಿ 14×14 ಗಾತ್ರದ, 512 ಚಾನೆಲ್‌ಗಳು ಒಳಬಂದು 512 ಹೊರಹೋಗುವ ಪದರ ಐದು ಸಲ ಬರುತ್ತದೆ. ಅದರಲ್ಲೊಂದನ್ನು ಎತ್ತಿಕೊಳ್ಳೋಣ. ಸಾಮಾನ್ಯ 3×3 ಕಾನ್ವಲ್ಯೂಷನ್‌ಗೆ 9 × 512 × 512, ಅಂದರೆ 23,59,296 ಪ್ಯಾರಾಮೀಟರ್‌ಗಳು ಬೇಕು. ಒಡೆದು ಬರೆದರೆ ಡೆಪ್ತ್‌ವೈಸ್ ಹಂತಕ್ಕೆ 9 × 512 = 4,608, 1×1 ಹಂತಕ್ಕೆ 512 × 512 = 2,62,144; ಒಟ್ಟು 2,66,752, ಸುಮಾರು ಒಂಬತ್ತರಲ್ಲಿ ಒಂದು ಪಾಲು. ಪೈಟಾರ್ಚ್‌ನಲ್ಲಿ ಇದು ಎರಡೇ ಸಾಲು:

```python
nn.Conv2d(512, 512, 3, padding=1, groups=512, bias=False)
nn.Conv2d(512, 512, 1, bias=False)
```

ಮೊದಲ ಸಾಲಿನ `groups=512` ಬಿಟ್ಟುಹೋದರೂ ಪ್ರೋಗ್ರಾಂ ದೂರಿಲ್ಲದೆ ಓಡುತ್ತದೆ, ಏಕೆಂದರೆ ಹೊರಬರುವ ಆಕಾರ ಅದೇ. ತಪ್ಪು ಬಯಲಾಗುವುದು ಪ್ಯಾರಾಮೀಟರ್‌ಗಳನ್ನು ಎಣಿಸಿದಾಗ ಮಾತ್ರ: 4,608 ಇರಬೇಕಾದಲ್ಲಿ ಇಪ್ಪತ್ಮೂರು ಲಕ್ಷ ದಾಟಿರುತ್ತದೆ.

ಇಡೀ ಮಾದರಿಯ ಮಟ್ಟದಲ್ಲಿ ಮೊಬೈಲ್‌ನೆಟ್ ತಂಡ ಇದೇ ಹೋಲಿಕೆಯನ್ನು ಮಾಡಿತು. ಅದೇ ವಿನ್ಯಾಸವನ್ನು ಸಾಮಾನ್ಯ ಕಾನ್ವಲ್ಯೂಷನ್‌ನಿಂದ ಕಟ್ಟಿದಾಗ 2.93 ಕೋಟಿ ಪ್ಯಾರಾಮೀಟರ್‌ಗಳು, ಇಮೇಜ್‌ನೆಟ್ ಎಂಬ ಚಿತ್ರಸಂಗ್ರಹದಲ್ಲಿ ಶೇ. 71.7 ನಿಖರತೆ, ಒಡೆದು ಕಟ್ಟಿದಾಗ 42 ಲಕ್ಷ ಪ್ಯಾರಾಮೀಟರ್‌ಗಳು, ಶೇ. 70.6 ನಿಖರತೆ. ತೆತ್ತ ಬೆಲೆ ಶೇಕಡಾ ಒಂದರಷ್ಟು ಎಂಬುದು ನನಗೆ ಈಗಲೂ ಅಚ್ಚರಿಯೇ.

ಮೇಲಿನ ಲೆಕ್ಕದಲ್ಲಿ ಉಳಿದ ಪ್ಯಾರಾಮೀಟರ್‌ಗಳು ಎಲ್ಲಿ ಕುಳಿತಿವೆ ಎಂದು ನೋಡಿದರೆ ಮುಂದಿನ ಇತಿಹಾಸ ಅರ್ಥವಾಗುತ್ತದೆ. 2,66,752ರಲ್ಲಿ ಡೆಪ್ತ್‌ವೈಸ್ ಪಾಲು ಶೇಕಡಾ ಎರಡನ್ನೂ ಮುಟ್ಟುವುದಿಲ್ಲ, ಉಳಿದದ್ದೆಲ್ಲ 1×1. ಇಡೀ ಮೊಬೈಲ್‌ನೆಟ್‌ನಲ್ಲಿಯೂ ಪ್ಯಾರಾಮೀಟರ್‌ಗಳ ಮುಕ್ಕಾಲು ಭಾಗ, ಗುಣಾಕಾರಗಳ ಶೇ. 95ರಷ್ಟು 1×1 ಪದರಗಳದ್ದೇ. ಗೂಗಲ್‌ನೆಟ್‌ನಲ್ಲಿ ಖರ್ಚು ತಗ್ಗಿಸಲು ಬಂದದ್ದೇ ಇಲ್ಲಿ ಮುಖ್ಯ ಖರ್ಚಾಯಿತು. ಹಾಗಾಗಿ ಅದೇ ವರ್ಷದ ಶಫಲ್‌ನೆಟ್ 1×1ನ್ನೂ ಗುಂಪುಗಳಾಗಿ ಒಡೆಯಿತು, ಗುಂಪುಗಳ ನಡುವೆ ಮಾಹಿತಿ ಹರಿಯಲೆಂದು ಚಾನೆಲ್‌ಗಳನ್ನು ಇಸ್ಪೀಟಿನ ಎಲೆಗಳಂತೆ ಕಲೆಸಿತು. 2018ರ ಮೊಬೈಲ್‌ನೆಟ್‌ನ ಎರಡನೆಯ ಆವೃತ್ತಿ ಪದರಗಳ ನಡುವೆ ಕಡಿಮೆ ಚಾನೆಲ್‌ಗಳನ್ನಷ್ಟೇ ಸಾಗಿಸಿ, ಅಗ್ಗದ ಡೆಪ್ತ್‌ವೈಸ್ ಹಂತದಲ್ಲಿ ಮಾತ್ರ ಅವನ್ನು ಹಿಗ್ಗಿಸಿತು.

ಆದರೆ ಪ್ಯಾರಾಮೀಟರ್ ಕಡಿಮೆಯಾದಷ್ಟೇ ಸಮಯವೂ ಉಳಿಯುತ್ತದೆ ಎಂದು ನಂಬುವಂತಿಲ್ಲ. ಮೇಲಿನ ಪದರದಲ್ಲಿ ಮೆಮೊರಿಯಿಂದ ತಂದ ಒಂದು ಮೌಲ್ಯ 1×1 ಹಂತದಲ್ಲಿ 512 ಗುಣಾಕಾರಗಳಿಗೆ ಬಳಕೆಯಾದರೆ, ಡೆಪ್ತ್‌ವೈಸ್ ಹಂತದಲ್ಲಿ ಹೆಚ್ಚೆಂದರೆ ಒಂಬತ್ತಕ್ಕೆ. ಪ್ರೊಸೆಸರ್ ಲೆಕ್ಕ ಮಾಡುವುದಕ್ಕಿಂತ ಮೆಮೊರಿಯ ದಾರಿ ಕಾಯುವುದೇ ಹೆಚ್ಚಾಗಬಹುದು, ಸಾವಿರಾರು ಗುಣಾಕಾರಗಳನ್ನು ಒಟ್ಟಿಗೆ ಮಾಡಬಲ್ಲ ಜಿಪಿಯುಗಳಲ್ಲಂತೂ ಇದು ಎದ್ದು ಕಾಣುತ್ತದೆ. ಪ್ರೊಫೈಲರ್ ತೆರೆದು ಪದರವಾರು ಸಮಯ ನೋಡಿದಾಗ, ಗುಣಾಕಾರಗಳ ಲೆಕ್ಕದಲ್ಲಿ ಶೇ. 3ರಷ್ಟೇ ಇದ್ದ ಡೆಪ್ತ್‌ವೈಸ್ ಪದರಗಳು ಸಮಯದ ಪಟ್ಟಿಯಲ್ಲಿ ಅದನ್ನು ಎಷ್ಟೋ ಮೀರಿ ಕುಳಿತಿದ್ದರೆ, ಕಾರಣ ಇದೇ.