ನಂಬರ್ ಸೇವ್ ಮಾಡದೇ ವಾಟ್ಸಾಪ್ ಕಳಿಸುವುದು ಹೇಗೆ?

ಪ್ರಶ್ನೆ: ಶಿರಸಿ ಹತ್ತಿರ ನಮ್ಮ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತೇವೆ. ಫೋನ್ ಮಾಡಿದವರೆಲ್ಲ "ರೇಟ್ ವಾಟ್ಸಾಪ್ ಮಾಡಿ" ಅಂತಾರೆ. ಪ್ರತಿಯೊಬ್ಬರ ನಂಬರ್ ಸೇವ್ ಮಾಡಿ ಮೊಬೈಲ್ ತುಂಬ "ಮಿಡಿ 1", "ಮಿಡಿ 2" ಆಗಿದೆ. ಬೇರೆ ದಾರಿ ಇದೆಯಾ?

ಇದೆ. ಒಂದು ಲಿಂಕ್ ಸಾಕು. ಬರೆದಿಟ್ಟ ಮಾತೂ ಅದರ ಜೊತೆಗೇ ಹೋಗುತ್ತದೆ:

```
https://wa.me/91XXXXXXXXXX?text=ನಮಸ್ಕಾರ.%20ಅಪ್ಪೆಮಿಡಿ%20ಇದೆ.
```

ಹತ್ತು X ಇರುವಲ್ಲಿ ಫೋನ್ ಮಾಡಿದವರ ಹತ್ತು ಅಂಕೆಯ ನಂಬರ್ ಹಾಕಿ. ಮುಂದಿನ 91 ಭಾರತದ ಕೋಡ್, ಅದನ್ನು ಬಿಡಬಾರದು. ಪ್ಲಸ್ ಗುರುತು, ಮೊದಲಿನ ಸೊನ್ನೆ, ನಡುವಿನ ಗೆರೆ, ಖಾಲಿ ಜಾಗ ಯಾವುದೂ ಬೇಡ. ಹೆಚ್ಚಿನವರು ತಪ್ಪುವುದು ಇಲ್ಲೇ. ಕಾಲ್ ಲಿಸ್ಟಿನಲ್ಲಿ ನಂಬರ್ ಸೊನ್ನೆಯಿಂದ ಶುರುವಾಗಿದ್ದರೆ ಹಾಗೇ ಕಾಪಿ ಮಾಡಿಬಿಡುತ್ತೇವೆ. ಆಗ ನಂಬರ್ ಸರಿಯಿಲ್ಲ ಎಂಬ ಸೂಚನೆ ಬರುತ್ತದೆ, ನಾವು ಅವರಿಗೆ ವಾಟ್ಸಾಪೇ ಇಲ್ಲ ಅಂದುಕೊಳ್ಳುತ್ತೇವೆ.

ಲಿಂಕನ್ನು ಬ್ರೌಸರಿನ ಅಡ್ರೆಸ್ ಜಾಗದಲ್ಲಿ ಹಾಕಿ ಒತ್ತಿ. ವಾಟ್ಸಾಪ್ ತೆರೆದು, ಮಾತು ಬರೆಯುವ ಜಾಗದಲ್ಲಿ ಕಾದಿರುತ್ತದೆ. ತಾನಾಗಿ ಹೋಗುವುದಿಲ್ಲ, ಕಳಿಸುವ ಬಟನ್ ನೀವೇ ಒತ್ತಬೇಕು. ಇದು ಒಳ್ಳೆಯದೇ, ರೇಟ್ ಬದಲಾಗಿದ್ದರೆ ಅಲ್ಲೇ ತಿದ್ದಬಹುದು.

ಈಗ ಆ %20 ಏನು ಅಂತ ನೋಡೋಣ. ಲಿಂಕಿನೊಳಗೆ ಖಾಲಿ ಜಾಗ ಇರಬಾರದು, ಅದರ ಬದಲಿಗೆ %20. ಹೊಸ ಸಾಲಿಗೆ %0A. ಆದರೆ ನಿಜವಾಗಿ ಕೈಕೊಡುವುದು & ಗುರುತು. ನೀವು ಹೀಗೆ ಬರೆದಿರಿ ಅನ್ನಿ:

```
?text=ಅಪ್ಪೆಮಿಡಿ%20&%20ಹಪ್ಪಳ%20ಎರಡೂ%20ಇದೆ
```

ವಾಟ್ಸಾಪಿನಲ್ಲಿ ಬರುವುದು "ಅಪ್ಪೆಮಿಡಿ" ಅಷ್ಟೇ, ಹಪ್ಪಳ ಮಾಯ! ಲಿಂಕಿನಲ್ಲಿ & ಅಂದರೆ "ಮಾತು ಇಲ್ಲಿಗೆ ಮುಗಿಯಿತು, ಮುಂದಿನದು ಬೇರೆ ವಿಷಯ" ಎಂದು ಅರ್ಥ. # ಗುರುತೂ ಹೀಗೇ ಕತ್ತರಿಸುತ್ತದೆ. & ಬದಲು %26, # ಬದಲು %23 ಹಾಕಿ. ಅದಕ್ಕಿಂತ ಸುಲಭ, "ಮತ್ತು" ಅಂತಲೇ ಬರೆಯಿರಿ. ಮೆಸೇಜ್ ಅರ್ಧಕ್ಕೇ ನಿಂತಿದೆ ಅಂತ ಕಂಡರೆ ಮೊದಲು ಆ ಎರಡು ಗುರುತು ಹುಡುಕಿ.

ಕನ್ನಡ ಅಕ್ಷರಗಳನ್ನು ಹಾಗೇ ಬರೆಯಬಹುದು. ಲಿಂಕ್ ಕಾಪಿ ಮಾಡಿದಾಗ ಅವೇ %E0%B2 ಅಂತ ಉದ್ದುದ್ದ ಆಗಿ ಕಂಡರೆ ಹೆದರಬೇಡಿ. ಕನ್ನಡದ ಒಂದೊಂದು ಅಕ್ಷರಕ್ಕೂ ಅಷ್ಟು ಜಾಗ ಬೇಕಾಗುತ್ತದೆ. ಆ ಕಡೆಯವರಿಗೆ ಶುದ್ಧ ಕನ್ನಡವೇ ಕಾಣುತ್ತದೆ.

ನಿಮ್ಮ ರೇಟ್ ಸಾಲುಗಳೆಲ್ಲ ಸೇರಿದ ಲಿಂಕನ್ನು ಒಮ್ಮೆ ಸರಿಯಾಗಿ ಮಾಡಿ, ಮೊಬೈಲಿನ ನೋಟ್ಸಿನಲ್ಲಿ ಇಡಿ. ಮೊದಲು ಮನೆಯವರ ನಂಬರ್ ಹಾಕಿ ಕಳಿಸಿ ನೋಡಿ. ಆಮೇಲೆ ಪ್ರತಿ ಸಲ ಬದಲಾಗುವುದು ಹತ್ತು ಅಂಕೆ ಮಾತ್ರ. ರೇಟ್ ಕೇಳದವರಿಗೆ ಮಾತ್ರ ಕಳಿಸಬೇಡಿ. ಪರಿಚಯವಿಲ್ಲದ ನಂಬರಿನಿಂದ ಬಂದ ಮೆಸೇಜಿನ ಜೊತೆಗೇ ಬ್ಲಾಕ್ ಮಾಡುವ, ದೂರು ಕೊಡುವ ಆಯ್ಕೆ ಅವರಿಗೆ ಕಾಣುತ್ತದೆ. ತುಂಬ ಜನ ದೂರು ಕೊಟ್ಟರೆ ನಿಮ್ಮ ಅಕೌಂಟೇ ಬಂದ್ ಆಗಬಹುದು.