ದುಡ್ಡು ಬಂದರೂ ಆಪ್‌ನಲ್ಲಿ ಬಾಕಿ ಹಾಗೇ ಇದೆಯಲ್ಲ, ಯಾಕೆ?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮದೊಂದು ಜೀನಸಿನ ಅಂಗಡಿ. ಸಾಲದ ಲೆಕ್ಕ ಈಗ ಮೊಬೈಲ್ ಆಪ್‌ನಲ್ಲಿ. ಬಾಕಿಯ ಮೆಸೇಜಿನ ಜೊತೆ ಹೋದ ಕೋಡ್‌ಗೇ ಗಿರಾಕಿ ದುಡ್ಡು ಹಾಕಿದರು, ಬ್ಯಾಂಕಿಗೆ ಬಂದೂ ಇದೆ. ಆಪ್ ಮಾತ್ರ ಬಾಕಿ ಅಂತಲೇ ತೋರಿಸುತ್ತದೆ. ಯಾಕೆ?

ಉತ್ತರ: ಆಪ್ ಅಂದರೆ ಹಳೇ ಸಾಲದ ಪುಸ್ತಕವೇ, ಅಷ್ಟೇ. ಅಕ್ಕಿ, ಎಣ್ಣೆ ಕೊಟ್ಟಾಗ ‘ಕೊಟ್ಟದ್ದು’ ಅಂತ ಒಂದು ಸಾಲು, ದುಡ್ಡು ಬಂದಾಗ ‘ಬಂದದ್ದು’ ಅಂತ ಇನ್ನೊಂದು. ಒಂದರಿಂದ ಇನ್ನೊಂದನ್ನು ಕಳೆದು ಬಾಕಿ ತೋರಿಸುತ್ತದೆ. ದುಡ್ಡು ಓಡಾಡುವುದು ಬ್ಯಾಂಕಿನಿಂದ ಬ್ಯಾಂಕಿಗೆ, ಪುಸ್ತಕದ ಒಳಗೆ ಅಲ್ಲ.

ಮೆಸೇಜಿನಲ್ಲಿ ಹೋಗುವ ಕ್ಯೂಆರ್ ಕೋಡ್ ಬಿಡಿಸಿದರೆ ಸಾಮಾನ್ಯವಾಗಿ ಸಿಗುವುದು ಇಷ್ಟೇ:

```
upi://pay?pa=angadi@bank&pn=Angadi&am=1840.00&cu=INR
```

`pa` ನಿಮ್ಮ ಯುಪಿಐ ಐಡಿ, `pn` ಹೆಸರು, `am` ಮೊತ್ತ. ಗಿರಾಕಿಯ ಲೆಕ್ಕ ಯಾವುದು ಅಂತ ಇದರಲ್ಲಿ ಎಲ್ಲೂ ಇಲ್ಲ ನೋಡಿ! ಇಂಥ ಕೋಡ್‌ನಲ್ಲಿ ದುಡ್ಡು ಸೀದಾ ನಿಮ್ಮ ಖಾತೆಗೆ ಬೀಳುತ್ತದೆ, ಆಪ್‌ಗೆ ಸುದ್ದಿಯೇ ಇಲ್ಲ. ಆಪ್‌ನವರೇ ತಮ್ಮ ಪಾವತಿ ವ್ಯವಸ್ಥೆಯ ಮೂಲಕ ಕಳಿಸುವ ಲಿಂಕ್ ಆದರೆ ಬೇರೆ, ಅದರಲ್ಲಿ ಗುರುತಿನ ನಂಬರು ಇರುವುದರಿಂದ ಜಮೆ ತಾನಾಗಿಯೇ ಆಗುತ್ತದೆ. ನಿಮ್ಮದು ಯಾವ ಬಗೆ ಅಂತ ತಿಳಿಯಲು ಮನೆಯವರ ಹೆಸರಿನಲ್ಲಿ ಒಂದು ರೂಪಾಯಿಯ ಬಾಕಿ ಬರೆದು, ಅವರ ಫೋನಿನಿಂದ ಕಟ್ಟಿಸಿ ನೋಡಿ. ಬಾಕಿ ಸೊನ್ನೆ ಆಗದಿದ್ದರೆ ಜಮೆ ನೀವೇ ಬರೆಯಬೇಕು.

ಇದಕ್ಕಿಂತ ಜಾಸ್ತಿ ತಲೆ ತಿನ್ನುವುದು ಹಳೇ ಮೆಸೇಜು. ಶನಿವಾರ 1,840 ರೂಪಾಯಿಗೆ ಕಳಿಸಿದಿರಿ ಅಂತಿಟ್ಟುಕೊಳ್ಳಿ. ಭಾನುವಾರ ಗಿರಾಕಿ ಅಡಿಕೆ ಮಾರಿದ ದುಡ್ಡಿನಲ್ಲಿ 500 ಕೈಗೆ ಕೊಟ್ಟು ಹೋದರು, ನೀವು ಬರೆದುಕೊಂಡಿರಿ, ಬಾಕಿ 1,340 ಆಯಿತು. ಆದರೆ ಅವರ ಫೋನಿನಲ್ಲಿರುವ ಕೋಡ್‌ನಲ್ಲಿ ಇನ್ನೂ 1,840 ಅಂತಲೇ ಇದೆ, ಅದು ಚಿತ್ರ, ತಾನಾಗಿ ಬದಲಾಗುವುದಿಲ್ಲ. ಮಂಗಳವಾರ ಅವರ ಮಗ ದುಬೈಯಿಂದ ಬಂದವನು, ಅಪ್ಪನ ಬಾಕಿ ಅಂತ ಪಾಪ, ಹಿಂದೆಮುಂದೆ ನೋಡದೆ ಅದನ್ನೇ ಸ್ಕ್ಯಾನ್ ಮಾಡಿ ಕಟ್ಟಿಬಿಟ್ಟ. ಮೊತ್ತ ಕೋಡ್‌ನಲ್ಲೇ ಇರುವಾಗ ಪಾವತಿ ಆಪ್‌ಗಳು ಅದನ್ನು ತಿದ್ದಲು ಸಾಮಾನ್ಯವಾಗಿ ಬಿಡುವುದಿಲ್ಲ. ಈಗ 500 ರೂಪಾಯಿ ನಿಮ್ಮಲ್ಲಿ ಜಾಸ್ತಿ. 1,840 ಪೂರ್ತಿ ಜಮೆ ಬರೆದರೆ ಮುಂದಿನ ಸಾಮಾನಿಗೆ ಮುಂಗಡವಾಗಿ ನಿಲ್ಲುತ್ತದೆ. ಬರೆಯದೇ ಬಿಟ್ಟರೆ? ಕಟ್ಟಿ ಮುಗಿಸಿದವರಿಗೇ ಮತ್ತೆ 1,340ರ ನೆನಪೋಲೆ! ನಮ್ಮೂರಲ್ಲಿ ಅದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕಾ?

ಅದಕ್ಕೇ ನಾನು ರಾತ್ರಿ ಬಾಗಿಲು ಹಾಕುವ ಮೊದಲು ಬ್ಯಾಂಕ್ ಮೆಸೇಜು ಮತ್ತು ಆಪ್ ಎರಡನ್ನೂ ಪಕ್ಕದಲ್ಲಿಟ್ಟು ನೋಡುತ್ತೇನೆ. ಯುಪಿಐ ಪಾವತಿಗೆ ಹನ್ನೆರಡು ಅಂಕಿಯ ನಂಬರು ಇರುತ್ತದೆ, ಅದರ ಕೊನೆಯ ನಾಲ್ಕು ಅಂಕಿಯನ್ನು ಜಮೆಯ ಟಿಪ್ಪಣಿಯಲ್ಲಿ ಹಾಕಿಡುತ್ತೇನೆ. “ಅಣ್ಣಾ, ನಾನು ಆವತ್ತೇ ಹಾಕಿದ್ದೇನಲ್ವಾ” ಅಂತ ಯಾರಾದರೂ ಅಂದರೆ ಅವರ ಫೋನಿನಲ್ಲಿರುವ ನಂಬರಿಗೆ ಹೋಲಿಸಿದರೆ ಆಯಿತು, ಅರ್ಧ ನಿಮಿಷದ ಕೆಲಸ.