ನಾಲ್ಕು ಹನಿ ಉಪ್ಪುನೀರು ಬಿದ್ದಾಗ ಮಣ್ಣಿನ ಪಿಎಚ್

ಹತ್ತು ಗ್ರಾಂ ಮಣ್ಣು ತೆಗೆದುಕೊಳ್ಳಿ. ನೆರಳಲ್ಲಿ ಒಣಗಿಸಿ 2 ಮಿ.ಮೀ. ಜರಡಿ ಹಿಡಿದ ಮಣ್ಣಾಗಿರಲಿ. ಅದಕ್ಕೆ 20 ಮಿ.ಲೀ. ಬಟ್ಟಿ ಇಳಿಸಿದ ನೀರು ಹಾಕಿ ಕಲಕಿ, ಅರ್ಧ ಗಂಟೆ ಬಿಟ್ಟು ಪಿಎಚ್ ನೋಡಿ. 5.8 ಬಂತು ಅನ್ನೋಣ. ಈಗ ಅದೇ ಬೀಕರಿಗೆ 1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡನ್ನು 0.2 ಮಿ.ಲೀ. ಬಿಡಿ. ಎಣಿಸಿದರೆ ನಾಲ್ಕೈದು ಹನಿ, ದೊಡ್ಡ ಹನಿಯಾದರೆ ಇನ್ನೂ ಕಮ್ಮಿ. ಮತ್ತೆ ಅರ್ಧ ಗಂಟೆ ಬಿಟ್ಟು ನೋಡಿದರೆ ಮೀಟರು 5.2ರ ಆಸುಪಾಸಿಗೆ ಇಳಿದಿರುತ್ತದೆ. ಆಮ್ಲ ಹಾಕಿಲ್ಲ, ಮಣ್ಣು ಬದಲಾಗಿಲ್ಲ, ಮೀಟರೂ ಕೆಟ್ಟಿಲ್ಲ.

ಶುದ್ಧ ನೀರಲ್ಲಿ ಬಂದದ್ದೇ ಮಣ್ಣಿನ ನಿಜವಾದ ಪಿಎಚ್, ಉಪ್ಪು ಹಾಕಿದ್ದು ಕಲಬೆರಕೆ ಎಂಬ ನಂಬಿಕೆ ಎಷ್ಟು ಹೇಳಿದರೂ ಹೋಗುವುದಿಲ್ಲ. ಹೊಲದ ಮಣ್ಣಿನ ತೇವದಲ್ಲಿ ಬಟ್ಟಿ ನೀರು ಎಂದಾದರೂ ಇರುತ್ತದೆಯೇ? ಅದು ಸದಾ ತೆಳು ಉಪ್ಪುನೀರೇ.

ಜೇಡಿ ಕಣದ ಮೈಮೇಲೆ ಋಣ ವಿದ್ಯುದಂಶದ ಜಾಗಗಳಿವೆ. ಅವನ್ನು ಬಸ್ಸಿನ ಸೀಟು ಎಂದುಕೊಳ್ಳಿ. ಹೈಡ್ರೋಜನ್ ಅಯಾನುಗಳಲ್ಲಿ ಬಹುಪಾಲು ಕೂತೇ ಇರುತ್ತವೆ. ಮೀಟರಿಗೆ ಕಾಣುವುದು ಎದ್ದು ಹೊರಗೆ ನಿಂತವು ಮಾತ್ರ. ಕ್ಯಾಲ್ಸಿಯಂ ಹತ್ತಿದರೆ ಕೆಲವು ಏಳಲೇಬೇಕು. ಎಷ್ಟು ಏಳುತ್ತವೆ ಎಂಬುದಕ್ಕೆ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಸ್ಕೋಫೀಲ್ಡ್ ಒಂದು ಲೆಕ್ಕ ಕೊಟ್ಟರು: ಹೊರಗಿನ ಹೈಡ್ರೋಜನ್, ಕ್ಯಾಲ್ಸಿಯಂ ಸಾಂದ್ರತೆಯ ವರ್ಗಮೂಲದ ಜೊತೆ ಏರಿಳಿಯುತ್ತದೆ. ಇದನ್ನೇ ಆಧಾರ ಮಾಡಿಕೊಂಡು ಅವರೂ ಟೇಲರ್ ಅವರೂ 1955ರಲ್ಲಿ 0.01 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ಅಳೆಯಿರಿ ಎಂದರು.

ಲೆಕ್ಕ ಹಾಕಿ ನೋಡಿ. ನೀರಿನ ಬೀಕರಿನಲ್ಲಿ ಮಣ್ಣಿನದೇ ಕ್ಯಾಲ್ಸಿಯಂ 0.0005 ಮೋಲಾರ್ ಇತ್ತು ಎಂದರೆ, ಹನಿ ಬಿಟ್ಟ ಮೇಲೆ ಅದು ಸುಮಾರು 20 ಪಟ್ಟು. 20ರ ವರ್ಗಮೂಲ 4.5. ಹೈಡ್ರೋಜನ್ ನಾಲ್ಕೂವರೆ ಪಟ್ಟಾದರೆ ಪಿಎಚ್ 0.65 ಇಳಿಯಬೇಕು. ಮೊದಲು ಕಂಡ ಇಳಿತ ಹೆಚ್ಚೂಕಡಿಮೆ ಇಷ್ಟೇ.

ಮಣ್ಣು-ನೀರಿನ ಪ್ರಮಾಣದ ರಗಳೆಯೂ ಇದೇ ಲೆಕ್ಕಕ್ಕೆ ಸಿಗುತ್ತದೆ. 1:1ರ ಬದಲು 1:5 ಕಲಸಿದರೆ ಆಮ್ಲ ತೆಳುವಾಗಿ ಪಿಎಚ್ ಏರುತ್ತದೆ ಎನ್ನುವುದುಂಟು. ಅದೇ ಕಾರಣವಾಗಿದ್ದರೆ ಏರಿಕೆ 0.7 ಆಗಬೇಕಿತ್ತು. ಆದರೆ ದ್ರಾವಣದಲ್ಲಿ ತೇಲುವ ಆಮ್ಲ ಲೆಕ್ಕಕ್ಕೇ ಇಲ್ಲದಷ್ಟು ಅಲ್ಪ: ಪಿಎಚ್ 5.5ರಲ್ಲಿ 10 ಮಿ.ಲೀ.ಗೆ ಸುಮಾರು 0.03 ಮೈಕ್ರೋಮೋಲ್. ಆಮ್ಲೀಯ ಮಣ್ಣಾದರೆ ಅದರ 10 ಗ್ರಾಂ ಮೈಗೆ 100 ಮೈಕ್ರೋಮೋಲ್ ಅಂಟಿಕೊಂಡಿರಬಹುದು. ಹೊಂಡದಿಂದ ಚೊಂಬಿಗೆ ಮೊಗೆದ ಹಾಗೆ, ಕಮ್ಮಿಯಾದದ್ದನ್ನು ಮಣ್ಣು ತುಂಬಿಕೊಡುತ್ತದೆ. ತೆಳುವಾಗಿದ್ದು ಉಪ್ಪು. ಕ್ಯಾಲ್ಸಿಯಂ ಐದರಲ್ಲೊಂದು ಪಾಲಾದರೆ ಹೈಡ್ರೋಜನ್ √5 ಪಟ್ಟು ಕುಗ್ಗಿ, ಪಿಎಚ್ ಸುಮಾರು 0.35 ಏರುತ್ತದೆ. ಮಣ್ಣು ಸ್ವಲ್ಪ ಕ್ಯಾಲ್ಸಿಯಂ ಬಿಟ್ಟುಕೊಡುವುದರಿಂದ ನಿಜದ ಏರಿಕೆ ಇನ್ನೂ ತುಸು ಕಮ್ಮಿ.

0.01 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ 1:2 ಕಲಸಿ, 1:5 ಕಲಸಿ, ಹೊರಗಿನ ಕ್ಯಾಲ್ಸಿಯಂ ಬಹುಪಾಲು ಅಷ್ಟೇ ಇರುತ್ತದೆ. ಅಂಕಿಯೂ ಅಷ್ಟಾಗಿ ಅಲುಗುವುದಿಲ್ಲ. ಗೊಬ್ಬರ ಹಾಕಿದ ವಾರ, ಮಳೆ ಬಿದ್ದ ವಾರ ಎಂದು ನೀರಿನ ಅಂಕಿ ಹೊಯ್ದಾಡುವುದೂ ಇಲ್ಲಿ ತಗ್ಗುತ್ತದೆ. ಇನ್ನೊಂದು ಲಾಭವೆಂದರೆ ಜೇಡಿ ಹೆಪ್ಪುಗಟ್ಟಿ ತಳಕ್ಕೆ ಇಳಿದು ಮೇಲೆ ತಿಳಿ ನಿಲ್ಲುತ್ತದೆ. ನೀರಿನ ಬೀಕರಿನಲ್ಲಿ ಎಲೆಕ್ಟ್ರೋಡನ್ನು ತಿಳಿಯಲ್ಲಿ ಇಟ್ಟರೆ ಒಂದು ಅಂಕಿ, ಕೆಸರಿಗೆ ಅದ್ದಿದರೆ ಕೆಳಗಿನ ಅಂಕಿ ಬರುವುದುಂಟು. ಎರಡೂ ಕಡೆ ಇಟ್ಟು ನೋಡಿದರೆ ತಿಳಿಯುತ್ತದೆ. ಎಲೆಕ್ಟ್ರೋಡಿನ ಉಪ್ಪುಸೇತುವೆಯ ಬಾಯಿಗೆ ಜೇಡಿ ಮೆತ್ತಿದಾಗ ಅಲ್ಲೊಂದು ಹುಸಿ ವೋಲ್ಟೇಜ್ ಹುಟ್ಟುವುದು ಇದಕ್ಕೆ ಮುಖ್ಯ ಕಾರಣ.

ಈ 0.01 ಮೋಲಾರ್ ದ್ರಾವಣಕ್ಕೆ ಒಂದು ಲೀಟರಿಗೆ 1.47 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಸಾಕು. ಡಬ್ಬಿ ಸರಿಯಾಗಿ ಮುಚ್ಚದಿದ್ದರೆ ಈ ಲವಣ ಗಾಳಿಯ ತೇವ ಹೀರಿ ತೂಕ ಏರಿಸಿಕೊಳ್ಳುತ್ತದೆ, ತೂಗಿದ್ದರಲ್ಲಿ ಉಪ್ಪು ಕಮ್ಮಿ ಬೀಳುತ್ತದೆ.

ಪಿಎಚ್ ಅಳೆಯಲು ಬಳಸುವ ಇನ್ನೊಂದು ಉಪ್ಪಾದ ಪೊಟ್ಯಾಸಿಯಂ ಕ್ಲೋರೈಡಿನ ಕೆಲಸವೇ ಬೇರೆ. 1 ಮೋಲಾರ್ ಎಂದರೆ ಲೀಟರಿಗೆ 74.6 ಗ್ರಾಂ, ಯಾವ ಸಾಧಾರಣ ಹೊಲದಲ್ಲೂ ಇರದಷ್ಟು ಉಪ್ಪು. ಅದು ಅಲ್ಯುಮಿನಿಯಂನ್ನೂ ಸೀಟಿನಿಂದ ಎಬ್ಬಿಸುತ್ತದೆ. ಅಲ್ಯುಮಿನಿಯಂ ನೀರನ್ನು ಸೀಳಿ ಹೊಸದಾಗಿ ಆಮ್ಲ ಹುಟ್ಟಿಸುತ್ತದೆ. ಹಾಗಾಗಿ ಅಂಕಿ ನೀರಿನದಕ್ಕಿಂತ ಒಂದು ಘಟಕದಷ್ಟು ಕೆಳಗಿರುವುದು ಸಾಮಾನ್ಯ. ಬೇರಿಗೆ ತಾಗುವ ಪಿಎಚ್ ಇದಲ್ಲ, ಮಣ್ಣಿನ ಮೈಯಲ್ಲಿ ಅಡಗಿರುವ ಆಮ್ಲದ ಸುಳಿವು. ಅಪರೂಪಕ್ಕೆ, ಕಬ್ಬಿಣ-ಅಲ್ಯುಮಿನಿಯಂ ಆಕ್ಸೈಡೇ ತುಂಬಿದ ಬಹಳ ಸವೆದ ಮಣ್ಣಿನಲ್ಲಿ ಪೊಟ್ಯಾಸಿಯಂ ಕ್ಲೋರೈಡಿನ ಅಂಕಿ ನೀರಿನದಕ್ಕಿಂತ ಮೇಲಿರುತ್ತದೆ. ಆಗ ಮೀಟರನ್ನು ಬೈಯಬೇಡಿ: ಆ ಮಣ್ಣಿನ ಮೈ ಒಟ್ಟಾರೆ ಧನ ವಿದ್ಯುದಂಶದ್ದು.

ಎಡವಟ್ಟಾಗುವುದು ವರದಿಯಲ್ಲಿ. ಹೋದ ವರ್ಷ 1:5 ನೀರಿನಲ್ಲಿ 5.9, ಈ ವರ್ಷ ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ 5.2 ಬಂದರೆ ಹೊಲ ಹುಳಿಯಾಯಿತೆಂದು ಗಾಬರಿಯಾಗಿ ಸುಣ್ಣ ಸುರಿಯುವವರಿದ್ದಾರೆ. ಒಂದರಿಂದ ಇನ್ನೊಂದಕ್ಕೆ ಎಲ್ಲ ಮಣ್ಣಿಗೂ ಒಪ್ಪುವ ಕೂಡು-ಕಳೆ ಲೆಕ್ಕ ಇಲ್ಲ. ಉಪ್ಪು ಹೆಚ್ಚಿರುವ ಮಣ್ಣಿನಲ್ಲಿ ಅಂತರ ತೀರಾ ಸಣ್ಣದು. ಆದ್ದರಿಂದ ಅಂಕಿಯ ಪಕ್ಕದಲ್ಲಿ ದ್ರಾವಣ, ಪ್ರಮಾಣ ಎರಡನ್ನೂ ಬರೆಯಬೇಕು. ಸುಣ್ಣ ಎಷ್ಟು ಹಾಕಬೇಕೆಂಬ ಪಟ್ಟಿ ಯಾವ ವಿಧಾನದ ಅಂಕಿಗೆ ತಯಾರಾಗಿದೆಯೋ ಅದೇ ವಿಧಾನದಲ್ಲಿ ಅಳೆದದ್ದನ್ನಷ್ಟೇ ಅದರ ಮುಂದೆ ಇಡಬೇಕು.